ಅಪ್‌ಡೇಟ್: ಒಬ್ಬರೇ ಗ್ರಾಹಕರಿಗೆ ಎರಡೆರಡು ದಾಖಲೆ

ನಾನು ಕೇಳಿದ್ದು: "ಮಂಗಳೂರು, ಉಡುಪಿ ಶಾಖೆಗಳ ಗ್ರಾಹಕ ಪಟ್ಟಿಗಳನ್ನು ಸೇರಿಸಿದ ಮೇಲೆ ಒಬ್ಬರೇ ಎರಡು ಮೂರು ಕಡೆ ಕಾಣಿಸುತ್ತಿದ್ದಾರೆ. ಮೊಬೈಲ್ ಸಂಖ್ಯೆ ಒಂದೇ ಆಗಿದ್ದರೆ ವಿಲೀನಗೊಳಿಸಬಹುದೇ?"

ನೀವೆಲ್ಲ ಬೇಡವೆಂದಿರಿ, ನಾವೂ ಮಾಡಲಿಲ್ಲ. ಸಂಖ್ಯೆಗಳೆಲ್ಲ ಹತ್ತಂಕಿಯವಾಗಿದ್ದರಿಂದ ಸಿಂಧುತ್ವದ ಪರೀಕ್ಷೆಯಲ್ಲಿ ಪಾಸಾಗಿದ್ದವು. ಆದರೆ ಮಗ ದುಬೈಯಲ್ಲಿರುವ ಮನೆಗಳಲ್ಲಿ ತಾಯಿ, ಸೊಸೆ ಇಬ್ಬರ ಖಾತೆಗೂ ಒಂದೇ ಮೊಬೈಲ್ ಕೊಟ್ಟಿರುವುದು ನಮ್ಮ ಕಡೆ ಸಾಮಾನ್ಯ. ಹೆಸರನ್ನೂ ನೆಚ್ಚುವಂತಿರಲಿಲ್ಲ: ಇನಿಶಿಯಲ್ ಒಂದು ಶಾಖೆಯಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ, ಒಂದೆಡೆ Poojary, ಇನ್ನೊಂದೆಡೆ Pujari.

ಆದ್ದರಿಂದ ಪ್ಯಾನ್ ಮತ್ತು ಜನ್ಮದಿನಾಂಕ ಎರಡೂ ಹೊಂದಿದರೆ ಮಾತ್ರ ತಾನಾಗಿ ವಿಲೀನ, ಹೆಸರು ಮತ್ತು ಮೊಬೈಲ್ ಮಾತ್ರ ಹೊಂದಿದರೆ ಶಾಖೆಯವರ ಪರಿಶೀಲನೆ ಎಂದು ನಿಯಮ ಮಾಡಿದೆವು. ಜನ್ಮದಿನಾಂಕ ಗೊತ್ತಿಲ್ಲದಾಗ ಸುಮ್ಮನೆ ತುಂಬಿದ `01-01-1900` ಇದ್ದರೆ ಅದನ್ನು ಖಾಲಿ ಎಂದೇ ಎಣಿಸಿದೆವು. ಇಲ್ಲವಾದರೆ ಜನ್ಮದಿನಾಂಕ ಭರ್ತಿಯಾದ ದಾಖಲೆಗಳ ಪ್ರಮಾಣ ಸುಳ್ಳೇ ಹೆಚ್ಚು ಕಾಣುತ್ತದೆ.

ಪರಿಶೀಲನೆಗೆ ಬಂದ ಒಂದು ಜೋಡಿಯಲ್ಲಿ ಹೆಸರು, ವಿಳಾಸ, ಮೊಬೈಲ್ ಎಲ್ಲವೂ ಒಂದೇ, ಆದರೆ ಪ್ಯಾನ್‌ನ ನಾಲ್ಕನೇ ಅಕ್ಷರ ಒಂದರಲ್ಲಿ P, ಇನ್ನೊಂದರಲ್ಲಿ F. ಮೊದಲನೆಯದು ವ್ಯಕ್ತಿ, ಎರಡನೆಯದು ಅವರದೇ ಹೆಸರಿನ ಪಾಲುದಾರಿಕೆ ಸಂಸ್ಥೆ. ಇವು ನಕಲು ದಾಖಲೆಗಳಲ್ಲವಾದ್ದರಿಂದ ಎರಡನ್ನೂ ಉಳಿಸಿ, 'ಪಾಲುದಾರ' ಎಂಬ ಸಂಬಂಧದಿಂದ ಜೋಡಿಸಿದೆವು.

ವಿಲೀನವಾದ ಕಡೆ ಮುಖ್ಯ ದಾಖಲೆಗೆ ಕೊನೆಯದಾಗಿ ತಿದ್ದಿದ ವಿಳಾಸವನ್ನಲ್ಲ, ಕೊನೆಯದಾಗಿ ಕೆವೈಸಿಯಲ್ಲಿ ಪರಿಶೀಲಿಸಿದ ವಿಳಾಸವನ್ನು ತೆಗೆದುಕೊಳ್ಳುತ್ತೇವೆ. ಹಳೆಯ ಗ್ರಾಹಕ ಸಂಖ್ಯೆಗಳನ್ನು ಅಳಿಸದೆ ಹೊಸದಕ್ಕೆ ಜೋಡಿಸುವ ಕೋಷ್ಟಕವೊಂದಿದೆ. ತಪ್ಪು ವಿಲೀನವನ್ನು ಬಿಡಿಸಲು ಬೇರೆ ದಾರಿಯಿಲ್ಲ. ಪ್ಯಾನ್ ಇಲ್ಲದ ಹಳೆಯ ಠೇವಣಿದಾರರ ದಾಖಲೆಗಳು ಇನ್ನೂ ಬಾಕಿ ಇವೆ.