8 ಜಿಬಿ ಲ್ಯಾಪ್‌ಟಾಪ್‌ನಲ್ಲಿ 8B ಎಐ ಮಾಡೆಲ್ ಓಡುತ್ತದಾ?

ಪ್ರಶ್ನೆ (ಕಾಪು, ಸೊಸೈಟಿ ಕ್ಲರ್ಕ್): 8 ಜಿಬಿ ರ‍್ಯಾಮ್, ನಾಲ್ಕು ಕೋರ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. llama.cpp ನಲ್ಲಿ Llama 3.1 8B, Q4_K_M ಹಾಕಿದೆ. ಫೈಲ್ 4.9 ಜಿಬಿ, ಹಿಡಿಯಬೇಕಲ್ವಾ? ಉದ್ದದ ಕಾಗದ ಓದಿಸಲು -c 32768 ಕೊಟ್ಟೆ. ಒಂದೊಂದು ಪದಕ್ಕೂ ಕಾಯಬೇಕು, ಮೌಸ್ ಕೂಡ ಅಲುಗುವುದಿಲ್ಲ.

ಮಣಿಪಾಲದ ವಿದ್ಯಾರ್ಥಿ: ಅದೇ ಮಾಡೆಲಿನ ಇನ್ನೂ ಹಿಂಡಿದ Q2_K ಫೈಲ್ ಹಾಕಿ ಅಣ್ಣ. 3.2 ಜಿಬಿ ಅಷ್ಟೆ.

ಮಂಗಳೂರು, ಸಾಫ್ಟ್‌ವೇರ್ ಕೆಲಸ: ಫೈಲ್ ಚಿಕ್ಕದಾಗುವುದು ನಿಜ. ಆದರೆ Q2 ನಲ್ಲಿ ಉತ್ತರ ತುಂಬಾ ಕೆಡುತ್ತದೆ, ಮತ್ತು ಇಲ್ಲಿ ಜಾಗ ತಿಂದದ್ದು ಫೈಲ್ ಮಾತ್ರ ಅಲ್ಲ.

ಓದಿದ್ದನ್ನು ನೆನಪಿಡಲು ಮಾಡೆಲ್ ಬೇರೆ ಜಾಗ ಕಾದಿರಿಸುತ್ತದೆ. ಈ ಮಾಡೆಲಿಗೆ ಒಂದು ಟೋಕನ್‌ಗೆ, ಅಂದರೆ ಪದ ಅಥವಾ ಪದದ ತುಂಡಿಗೆ, 128 ಕೆಬಿ. 32768 ಟೋಕನ್‌ಗೆ 4 ಜಿಬಿ ಆಯಿತು. 4.9 ಕೂಡಿಸಿದರೆ 8.9. ವಿಂಡೋಸ್‌ಗೇ ಮೂರು ಜಿಬಿ ಹತ್ತಿರ ಬೇಕು, ಎಲ್ಲಿಂದ ತರುವುದು?

ಜಾಗ ಸಾಲದಿದ್ದರೂ ಅದು ನಿಲ್ಲುವುದಿಲ್ಲ. ಫೈಲಿನ ತುಂಡುಗಳನ್ನು ಡಿಸ್ಕಿನಿಂದ ಮತ್ತೆ ಮತ್ತೆ ಓದುತ್ತಾ ಇರುತ್ತದೆ. ಒಂದೊಂದು ಟೋಕನ್‌ಗೂ ಇಡೀ ಮಾಡೆಲನ್ನು ಒಮ್ಮೆ ಓದಬೇಕು, ಹಾಗಾಗಿ ಈ ಗೋಳು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಡಿಸ್ಕ್ 100%, ಸಿಪಿಯು ಸುಮ್ನೆ ಕೂತಿದ್ದರೆ ಇದೇ ಕಾರಣ.

ನಿಮಗೆ ಚಿಕ್ಕ ಮಾಡೆಲ್ 3B ಸರಿ. ಫೈಲ್ 2 ಜಿಬಿ, 4096 ಟೋಕನ್‌ಗೆ ಅರ್ಧ ಜಿಬಿಗಿಂತ ಕಡಿಮೆ.

```
llama-cli -m Llama-3.2-3B-Instruct-Q4_K_M.gguf -c 4096 -t 4
```

-t 8 ಕೊಡಬೇಡಿ. ಥ್ರೆಡ್ ಎಂಟು ಕಂಡರೂ ಕೋರ್ ನಾಲ್ಕೇ.

ಸುರತ್ಕಲ್‌ನ ಟೀಚರ್: ನನ್ನದು 16 ಜಿಬಿ, ಅದೇ 8B. ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ನಿಧಾನ ಆಗುತ್ತದೆ. ನಾನೂ 3B ಹಾಕಬೇಕಾ?

ಮಂಗಳೂರು: ಬೇಡ ಮೇಡಂ, ನಿಮ್ಮದು ಬೇರೆ ವಿಷಯ. ನಿಧಾನ ಆದಾಗ ಸಿಪಿಯು ವೇಗ ಎಷ್ಟು ಗಿಗಾಹರ್ಟ್ಸ್‌ಗೆ ಇಳಿಯುತ್ತದೆ ನೋಡಿ. ಇಳಿದರೆ ಅದು ಬಿಸಿ. ನಮ್ಮ ಸೆಕೆಗೆ ಹಾಸಿಗೆ ಮೇಲೆ ಇಟ್ಟರಂತೂ ಗಾಳಿಯೇ ಆಡುವುದಿಲ್ಲ. ಮೇಜಿನ ಮೇಲಿಡಿ, ಫ್ಯಾನ್ ಧೂಳು ತೆಗೆಸಿ.

ಕಾಪು: 3B ಹಾಕಿದೆ. ಸೆಕೆಂಡಿಗೆ ಆರೇಳು ಟೋಕನ್ ಬರುತ್ತಾ ಉಂಟು! ರ‍್ಯಾಮ್ ಒಂದೇ ಕಡ್ಡಿ, ಇನ್ನೊಂದು 8 ಜಿಬಿ ಹಾಕಿದರೆ?

ಮಂಗಳೂರು: ಖಂಡಿತ ಹಾಕಿ ಮಾರಾಯ್ರೆ, ಸ್ಲಾಟ್ ಖಾಲಿ ಇದ್ದರೆ. ಎರಡು ಕಡ್ಡಿಯಿಂದ ಒಟ್ಟಿಗೆ ಓದುವುದರಿಂದ ವೇಗವೂ ಹೆಚ್ಚುತ್ತದೆ. ಆಗ 8B ಗೂ ಜಾಗ ಆಯಿತು, 8192 ಟೋಕನ್‌ಗೆ 1 ಜಿಬಿ ಸಾಕು.

ಕಾಪು: ಇಂಗ್ಲಿಷ್ ಕಾಗದದ ಸಾರಾಂಶ ಪರವಾಗಿಲ್ಲ. ಕನ್ನಡದ ಸಭಾ ನಡಾವಳಿ ಕೊಟ್ಟರೆ ಹೆಸರು, ಮೊತ್ತ ಎಲ್ಲಾ ಅದಲು ಬದಲು.

ಮಂಗಳೂರು: ಕನ್ನಡದ ಒಂದು ಪದ ಹಲವು ಟೋಕನ್ ಆಗಿ ಒಡೆಯುತ್ತದೆ, 4096 ಬೇಗ ತುಂಬುತ್ತದೆ. ಒಂದೊಂದೇ ಪುಟ ಕೊಡಿ. Gemma 3 ರ 4B ಸಹ ಹಾಕಿ ನೋಡಿ, Q4_K_M ಎರಡೂವರೆ ಜಿಬಿ. ಮೊತ್ತವನ್ನು ಮಾತ್ರ ಯಾವ ಮಾಡೆಲ್ ಕೊಟ್ಟರೂ ಮೂಲದೊಂದಿಗೆ ತಾಳೆ ನೋಡಿಯೇ ಪುಸ್ತಕಕ್ಕೆ ಏರಿಸಿ.

ಕಾಪು: ಇಳಿಸಲು ಹಾಕಿದ್ದೇನೆ. ನಾಳೆ ಅದೇ ಪುಟ ಕೊಟ್ಟು ನೋಡಿ ಹೇಳುತ್ತೇನೆ.