ಬಟ್ಟೆ ಅಗಿಯುವ ಕತ್ತರಿ: ಸಾಣೆ ಹಿಡಿಸಿದರೂ ಸರಿಹೋಗಿಲ್ಲ

ಬ್ಲೌಸ್‌ಮನೆ: ನನ್ನ 10 ಇಂಚಿನ ಕತ್ತರಿಗೆ ಜಾರ್ಜೆಟ್, ಕ್ರೇಪ್ ಸಿಕ್ಕರೆ ಕತ್ತರಿಸಲ್ಲ, ಅಗಿಯುತ್ತೆ. ಬಟ್ಟೆ ಮಡಚಿಕೊಂಡು ಎರಡು ಅಲಗಿನ ನಡುವೆ ಸಿಕ್ಕಿಕೊಳ್ಳುತ್ತೆ. ದಪ್ಪ ಕಾಟನ್ ಪರವಾಗಿಲ್ಲ. ಹೋದ ತಿಂಗಳು ಸಾಣೆ ಹಿಡಿಸಿದೆ, ಏನೂ ಬದಲಾಗಿಲ್ಲ. ಹೊಸದೇ ತಗೋಬೇಕಾ? ನಿಮಗೆ ಹೀಗಾದಾಗ ಏನು ಮಾಡಿದ್ರಿ?

ಪುಟ್ಟಿ ಅಮ್ಮ: ಉಪ್ಪುಕಾಗದ ತಗೊಂಡು ಹತ್ತು ಹದಿನೈದು ಸಲ ಕತ್ತರಿಸಿ ನೋಡಿ. ನಾನು ಅಡುಗೆಮನೆ ಕತ್ತರಿಗೆ ಯಾವಾಗಲೂ ಅದನ್ನೇ ಮಾಡೋದು. ಹಾಲಿನ ಪ್ಯಾಕೆಟ್ಟು, ಸೊಪ್ಪಿನ ದಂಟು ಎಲ್ಲ ಚೆನ್ನಾಗಿ ಕತ್ತರಿಸುತ್ತೆ.

ಹಳೇ ಕಟಿಂಗ್ ಮಾಸ್ಟರ್: ಅಮ್ಮಾ, ಹಾಲಿನ ಪ್ಯಾಕೆಟ್ಟಿಗೆ ಅದು ಸಾಕು. ಬಟ್ಟೆ ಕತ್ತರಿಗೆ ಮಾತ್ರ ಬೇಡ. ಉಪ್ಪುಕಾಗದ ಅಲಗಿನ ಒಳಮುಖವನ್ನೂ ಗೀಚುತ್ತೆ, ಆಮೇಲೆ ನಯವಾದ ಬಟ್ಟೆಯ ಎಳೆ ಅಲ್ಲೇ ಸಿಕ್ಕಿಕೊಳ್ಳುತ್ತೆ.

ಬ್ಲೌಸ್‌ಮನೆ ಅವರೇ, ದಪ್ಪ ಕಾಟನ್ ಕತ್ತರಿಸಿ ತೆಳು ಜಾರ್ಜೆಟ್ ಅಗಿಯುತ್ತೆ ಅಂದ್ರಲ್ಲ, ಕಾಯಿಲೆ ಅದರಲ್ಲೇ ಗೊತ್ತಾಗುತ್ತೆ. ಎರಡು ಅಲಗಿನ ನಡುವೆ ಸಂದು ಬಿದ್ದಿದೆ. ಕಾಟನ್ ಆ ಸಂದಿಗಿಂತ ದಪ್ಪ, ಬಗ್ಗದೆ ನಿಲ್ಲುತ್ತೆ. ಜಾರ್ಜೆಟ್ ತೆಳ್ಳಗೆ ಮಡಚಿಕೊಂಡು ಸಂದಿಯೊಳಗೆ ಜಾರಿಕೊಳ್ಳುತ್ತೆ. ಬಾಯಿ ಎಷ್ಟೇ ಹರಿತವಾಗಿದ್ರೂ ಸಂದು ಇದ್ದರೆ ಅದು ಅಗಿಯೋದೇ.

ಒಂದು ಪರೀಕ್ಷೆ ಮಾಡಿ. ಕತ್ತರಿಸುವಾಗ ಹೆಬ್ಬೆರಳನ್ನು ಅಂಗೈಯಿಂದ ಆಚೆಗೆ ತಳ್ಳಿ, ಉಳಿದ ಬೆರಳುಗಳನ್ನು ಅಂಗೈ ಕಡೆಗೆ ಎಳೀರಿ. ಹಾಗೆ ಮಾಡಿದರೆ ಅಲಗುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಜಾರ್ಜೆಟ್ ಆಗ ಕತ್ತರಿಸಿದರೆ ನಿಮ್ಮ ಸಾಣೆ ಸರಿಯಾಗೇ ಇದೆ, ತಿರುಪು ಸಡಿಲ. ಆಗಲೂ ಅಗಿದರೆ ಬೇರೆ ವಿಷಯ.

ನಾನು ಮೂವತ್ತು ವರ್ಷ ಕಟಿಂಗ್ ಮೇಜಿನ ಮುಂದೆ ನಿಂತವನು. ನನ್ನ ಕತ್ತರಿ ಮೇರಠ್‌ನದು, ಹಿಡಿ ಎರಕದ್ದು, ಭಾರ ಜಾಸ್ತಿ. ಅದಕ್ಕೂ ವರ್ಷಕ್ಕೊಂದು ಸಲ ಹೀಗಾಗ್ತಿತ್ತು. ತಿರುಪು ಬಿಗಿ ಮಾಡಬೇಕಾ ಬೇಡವಾ ಅಂತ ನೋಡೋಕೆ ಕತ್ತರಿಯ ತುದಿ ಆಚೆಗೆ ಮಾಡಿ, ಕೆಳಗಿನ ಹಿಡಿ ಮಾತ್ರ ಹಿಡಿದು, ಮೇಲಿನ ಹಿಡಿ ಪೂರ್ತಿ ಎತ್ತಿ ಬಿಟ್ಟುಬಿಡ್ತಿದ್ದೆ. ಇನ್ನೊಂದು ಕೈ ಅಲಗಿನ ಹತ್ತಿರ ಇರಬಾರದು, ನೋಡಿ. ಅರ್ಧ ದಾರಿಯ ಆಸುಪಾಸು ನಿಂತರೆ ಸರಿ. ಠಪ್ ಅಂತ ಪೂರ್ತಿ ಮುಚ್ಚಿಕೊಂಡರೆ ಸಡಿಲ. ಅಲ್ಲಾಡದೆ ನಿಂತರೆ ಜಾಸ್ತಿ ಬಿಗಿ, ಸಂಜೆ ಹೊತ್ತಿಗೆ ಹೆಬ್ಬೆರಳಿನ ಬುಡ ನೋಯುತ್ತೆ.

ಎಡಗೈ ಮಗಳ ಅಪ್ಪ: ನಮ್ಮ ಮನೆಯಲ್ಲೂ ಇದೇ ಕಥೆ, ಆದರೆ ಪೇಪರ್. ಮಗಳು ಶಾಲೆಯ ಕ್ರಾಫ್ಟ್‌ಗೆ ಕತ್ತರಿಸುವಾಗ ಪೇಪರ್ ಮಡಚಿಕೊಳ್ಳುತ್ತೆ. ಅದೇ ಕತ್ತರಿಯಲ್ಲಿ ನಾನು ಕತ್ತರಿಸಿದರೆ ನೀಟಾಗಿ ಬರುತ್ತೆ. ನೀವು ಹೇಳಿದ ಹಾಗೆ ತಿರುಪು ಬಿಗಿ ಮಾಡೋಣ ಅಂದ್ರೆ ತಿರುಪೇ ಇಲ್ಲ, ರಿವೆಟ್ ಹೊಡೆದಿದ್ದಾರೆ. ಸುಮ್ನೆ ಮಗಳನ್ನು ಬೈದುಬಿಟ್ಟೆ.

ಹಳೇ ಕಟಿಂಗ್ ಮಾಸ್ಟರ್: ಪಾಪ, ಬೈಬೇಡಿ ಸರ್. ಮೇಲೆ ಹೇಳಿದ ಹೆಬ್ಬೆರಳಿನ ಒತ್ತು ಬಲಗೈಗೆ ತಾನಾಗಿಯೇ ಬರುತ್ತೆ, ಬಲಗೈ ಕತ್ತರಿ ಕಟ್ಟಿರೋದೇ ಅದಕ್ಕೆ. ಅದನ್ನೇ ಎಡಗೈಯಲ್ಲಿ ಹಿಡಿದರೆ ಅದೇ ಒತ್ತು ಅಲಗುಗಳನ್ನು ಬೇರೆ ಮಾಡುತ್ತೆ. ಎಡಗೈ ಕತ್ತರಿ ಅಂತಲೇ ಕೇಳಿ ತಗೊಳ್ಳಿ. ಹಿಡಿ ಮಾತ್ರ ಎರಡೂ ಕೈಗೆ ಹೊಂದುವ ಹಾಗೆ ಮಾಡಿರೋದು ಬೇಡ, ಅಲಗೇ ಅದಲು ಬದಲಾಗಿರಬೇಕು.

ಬ್ಲೌಸ್‌ಮನೆ: ಹೆಬ್ಬೆರಳು ಆಚೆ ತಳ್ಳಿದೆ, ಜಾರ್ಜೆಟ್ ಕತ್ತರಿಸಿತು! ಬಿಟ್ಟರೆ ಠಪ್ ಅಂತಾನೂ ಮುಚ್ಚುತ್ತೆ. ಆದರೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಹಿಂದಿನ ನಟ್ಟೂ ಜೊತೆಗೇ ತಿರುಗುತ್ತೆ. ಬಿಗಿಯೇ ಆಗಲ್ಲ.

ಫಿಟ್ಟರ್: ಮೇಡಂ, ನಟ್ಟನ್ನು ಸ್ಪ್ಯಾನರಿನಲ್ಲಿ ಹಿಡಿದು ಮೊದಲು ಸ್ವಲ್ಪ ಸಡಿಲಿಸಿ. ಆಮೇಲೆ ಸ್ಕ್ರೂ ಮಾತ್ರ ಬಿಗಿ ಮಾಡಿ. ಒಂದೇ ಸಲಕ್ಕೆ ಪೂರ್ತಿ ಬೇಡ, ಕಾಲು ಸುತ್ತಿಗಿಂತ ಕಡಿಮೆ. ಈಗ ಸ್ಕ್ರೂ ಅಲ್ಲಾಡದ ಹಾಗೆ ಡ್ರೈವರಿನಲ್ಲಿ ಹಿಡಿದುಕೊಂಡು ನಟ್ಟು ಬಿಗೀರಿ. ಕೊನೆಯಲ್ಲಿ ನಟ್ಟು ಬಿಗಿಯುವಾಗ ಸ್ಕ್ರೂ ಒಂಚೂರು ಜೊತೆಗೆ ಹೋಗಿಬಿಡುತ್ತೆ, ಅದಕ್ಕೆ ಮತ್ತೆ ಎತ್ತಿ ಬಿಟ್ಟು ನೋಡಿ. ಎರಡು ಮೂರು ಸಲ ಮಾಡಬೇಕಾಗುತ್ತೆ. ಡ್ರೈವರ್ ತುದಿ ಸ್ಕ್ರೂ ಗೀರಿನಷ್ಟೇ ಅಗಲ ಇರಲಿ. ಸಣ್ಣದು ಹಾಕಿದರೆ ಗೀರು ಹರಿದುಹೋಗುತ್ತೆ.

ಮತ್ತೆ ಸಡಿಲ ಆಗದೇ ಇರಲಿ ಅಂತ ಸೂಪರ್ ಗ್ಲೂ ಒಂದು ಹನಿ ಬಿಟ್ಟುಬಿಡಿ.

ಹಳೇ ಕಟಿಂಗ್ ಮಾಸ್ಟರ್: ನಟ್ಟಿನ ವಿಷಯ ಸರಿಯಾಗಿ ಹೇಳಿದ್ರಿ. ಗ್ಲೂ ಮಾತ್ರ ಬೇಡ. ನೀರಿನ ಹಾಗೆ ಹರಿದು ಅಲಗುಗಳ ನಡುವೆ ಇಳಿದರೆ ಕತ್ತರಿ ತೆರೆಯೋದೇ ಇಲ್ಲ. ನಮ್ಮ ಅಂಗಡಿಯ ಹುಡುಗ ಒಬ್ಬ ಹಾಗೇ ಮಾಡಿ ಅರ್ಧ ದಿನ ಕೂತಿದ್ದ. ಉಗುರುಬಣ್ಣ ಒಂದು ಚುಕ್ಕೆ, ನಟ್ಟಿನ ಹೊರಗಡೆ ಮಾತ್ರ. ಬೇಕಾದಾಗ ಬಿಚ್ಚಬಹುದು.

ಬಿಗಿ ಮಾಡೋ ಮುಂಚೆ ತಿರುಪಿನ ಸುತ್ತ ಕೂತಿರೋ ನೂಲಿನ ಧೂಳನ್ನು ಸೂಜಿಯಲ್ಲಿ ಕೆದಕಿ ತೆಗೀರಿ. ಅದು ಗಟ್ಟಿಯಾಗಿ ಕೂತರೆ ಅಲಗುಗಳನ್ನು ಅದೇ ದೂರ ತಳ್ಳುತ್ತೆ. ಆಮೇಲೆ ಮಷಿನ್ ಎಣ್ಣೆ ಒಂದೇ ಹನಿ. ಹತ್ತು ಸಲ ತೆರೆದು ಮುಚ್ಚಿ, ಒರೆಸಿ, ಚಿಂದಿ ಬಟ್ಟೆ ಕತ್ತರಿಸಿ. ಇಲ್ಲದಿದ್ರೆ ಗಿರಾಕಿಯ ರೇಷ್ಮೆಗೆ ಎಣ್ಣೆ ಕಲೆ.

ಬ್ಲೌಸ್‌ಮನೆ: ಮಾಡಿದೆ. ಅಬ್ಬಾ, ಎಷ್ಟು ಧೂಳು ಬಂತು ಅಂದ್ರೆ, ಕೆಂಪು ನೂಲು, ಹಸಿರು ನೂಲು, ದೀಪಾವಳಿಯ ಎಲ್ಲ ಬ್ಲೌಸೂ ಅಲ್ಲೇ ಇತ್ತು. ಈಗ ಬಿಟ್ಟರೆ ಅರ್ಧದಲ್ಲಿ ನಿಲ್ಲುತ್ತೆ. ಬುಡದಿಂದ ಮುಕ್ಕಾಲು ಭಾಗ ಜಾರ್ಜೆಟ್ ಸಲೀಸಾಗಿ ಕತ್ತರಿಸುತ್ತೆ. ತುದಿಯ ಒಂದು ಇಂಚು ಮಾತ್ರ ಇನ್ನೂ ಅಗಿಯುತ್ತೆ. ಇನ್ನೂ ಬಿಗಿ ಮಾಡಲಾ?

ಹಳೇ ಕಟಿಂಗ್ ಮಾಸ್ಟರ್: ಬೇಡ. ಮುಚ್ಚಿದ ಕತ್ತರಿಯ ಬೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನಡುವೆ ಕೂದಲಿನಷ್ಟು ಬೆಳಕು ಕಾಣಬೇಕು, ತುದಿ ಮಾತ್ರ ಕೂಡಿರಬೇಕು. ಅಲಗುಗಳನ್ನು ಬೇಕಂತಲೇ ಸ್ವಲ್ಪ ಬಿಲ್ಲಿನ ಹಾಗೆ ಬಾಗಿಸಿರ್ತಾರೆ. ಅದಕ್ಕೇ ಮುಚ್ಚುತ್ತಾ ಹೋದ ಹಾಗೆ ಬಾಯಿ ಒಂದೊಂದೇ ಜಾಗದಲ್ಲಿ ತಾಗುತ್ತಾ ತುದಿಗೆ ಹೋಗುತ್ತೆ. ತುದಿಯಲ್ಲೇ ಬೆಳಕು ಕಂಡರೆ ಆ ಬಾಗು ಹೋಗಿದೆ. ಕತ್ತರಿ ಕೆಳಗೆ ಬಿದ್ದಿತ್ತಾ?

ಅಲಗು ತೆರೆದು ಒಳಮುಖವನ್ನೂ ನೋಡಿ. ಬಾಯಿಯ ಅಂಚಿಗೆ ಸಣ್ಣ ಹೊಳೆಯುವ ಗೆರೆ ಇದ್ದರೆ ಸರಿ. ಅಗಲವಾಗಿ, ಹೊಸದಾಗಿ ಉಜ್ಜಿದ ಗುರುತು ಇದ್ದರೆ ಸಾಣೆಯವರು ಒಳಗಡೆಯೂ ಹಿಡಿದಿದ್ದಾರೆ. ಅದಕ್ಕೆ ತಿರುಪು ಮದ್ದಲ್ಲ.

ಬ್ಲೌಸ್‌ಮನೆ: ಒಳಗೆ ಸಣ್ಣ ಗೆರೆ ಅಷ್ಟೇ. ಆದರೆ ತುದಿಯಲ್ಲಿ ಬೆಳಕು ಕಾಣ್ತಿದೆ. ಮಳೆಗಾಲದಲ್ಲಿ ಒಂದ್ಸಲ ಮೇಜಿನಿಂದ ಬಿದ್ದಿತ್ತು, ಈಗ ನೆನಪಾಯ್ತು.

ಫಿಟ್ಟರ್: ಹಾಗಾದ್ರೆ ಮರದ ಹಲಗೆ ಮೇಲಿಟ್ಟು ತುದಿಗೆ ಮೆಲ್ಲಗೆ ಸುತ್ತಿಗೆ ಏಟು ಕೊಟ್ಟರೆ ಬಾಗು ಮತ್ತೆ ಬರುತ್ತೆ. ನಾನು ಎರಡು ಕತ್ತರಿಗೆ ಮಾಡಿದ್ದೀನಿ.

ಹಳೇ ಕಟಿಂಗ್ ಮಾಸ್ಟರ್: ನಾನು ಒಂದಕ್ಕೆ ಮಾಡಿ ಅಲಗಿನ ತುದಿ ಮುರಿದುಕೊಂಡೆ. ಹದ ಹಾಕಿದ ಉಕ್ಕು, ಎಷ್ಟು ಬಗ್ಗುತ್ತೆ ಅಂತ ಏಟು ಬಿದ್ದ ಮೇಲೇ ಗೊತ್ತಾಗೋದು. ಕತ್ತರಿಯನ್ನೇ ರಿಪೇರಿ ಮಾಡುವವರ ಕೈಗೆ ಕೊಡಿ ಅಂತ ನನ್ನ ಮಾತು.

ಫಿಟ್ಟರ್: ಏಟಿನ ಅಂದಾಜು ಇಲ್ಲದವರಿಗೆ ಆಗಲ್ಲ, ಒಪ್ಪಿದೆ. ಆದರೆ ಮಾಡಬಾರದು ಅಂತೇನಿಲ್ಲ ಸರ್.

ಬ್ಲೌಸ್‌ಮನೆ: ಸುತ್ತಿಗೆ ಮುಟ್ಟೋ ಧೈರ್ಯ ನನಗಿಲ್ಲಪ್ಪಾ. ಸದ್ಯಕ್ಕೆ ಕಚ್ಚು ಹಾಕೋಕೆ, ತುದಿ ಕೆಲಸಕ್ಕೆ ಸಣ್ಣ ಕತ್ತರಿ ಇಟ್ಟುಕೊಂಡಿದ್ದೀನಿ. ಇವತ್ತು ಮೂರು ಜಾರ್ಜೆಟ್ ಬ್ಲೌಸ್ ಕಟಿಂಗ್ ಆಯ್ತು, ಒಂದೂ ಅಗಿಯಲಿಲ್ಲ.