ಅವ್ವನ ಕುಂಕುಮ ಮಚ್ಚೆಯಾಯ್ತು, ಅಪ್ಪನ ಪಟಗದ ಕೆಳಗೆ ಬಿಳಿ ಗೆರೆ

ಕೇಳಿದವರು, ಹಾವೇರಿ: ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದಾರೆ. ಜೋಡಿಯಾಗಿ ಇರೋ ಫೋಟೋ ಒಂದೂ ಇಲ್ಲ. ಪಟಗ ಸುತ್ತಿದ ಹಿರಿಯರು, ತಲೆ ಮೇಲೆ ಸೆರಗು ಹೊದ್ದ ಅಮ್ಮ ಇರೋ ಬೇರೆಯವರ ಫೋಟೋ ಒಂದನ್ನ ಮೂಲ ಮಾಡಿಕೊಂಡು ಅದಕ್ಕೆ ಇವರ ಮುಖ ಕೂರಿಸಿದೆ. ಫೇಸ್‌ಫ್ಯೂಷನ್‌ನಲ್ಲಿ ಮಾಡಿದ್ದು. ಕುಂಕುಮ ಮಚ್ಚೆ ಥರ ಆಗಿದೆ, ಪಟಗದ ಅಂಚಿನ ಕೆಳಗೆ ಬೆಳ್ಳಗೆ ಒಂದು ಪಟ್ಟಿ ಕಾಣುತ್ತೆ, ಸೆರಗಿನ ಅಂಚು ಕೆನ್ನೆಗೆ ಕರಗಿದೆ. ಇದನ್ನ ಮಾಡಿದವರು ಹೇಗೆ ಸರಿ ಮಾಡಿಕೊಂಡ್ರಿ?

ಹುಬ್ಬಳ್ಳಿ, ಮದುವೆ ಆಲ್ಬಮ್ ಕೆಲಸ: ಇಷ್ಟೇ ರೀ, ಮೇಲಿನ ಪ್ಯಾಡಿಂಗ್ ಜಾಸ್ತಿ ಮಾಡಿ. `--face-mask-padding 30 0 0 0` ಕೊಟ್ಟರೆ ಹಣೆಯ ಮೇಲ್ಭಾಗ ಮೂಲ ಫೋಟೋದ್ದೇ ಉಳಿಯುತ್ತೆ, ಪಟಗದ ಅಂಚನ್ನ ಮುಟ್ಟೋದೇ ಇಲ್ಲ. ಹೋದ ಸೀಸನ್‌ನಲ್ಲಿ ಗ್ರೂಪ್ ಫೋಟೋದಲ್ಲಿ ಕಣ್ಣು ಮುಚ್ಚಿದವರಿಗೆ ಅವರದೇ ಬೇರೆ ಫೋಟೋದ ಮುಖ ಕೂರಿಸಿದೆ. ಹನ್ನೊಂದು ಮಂದಿ, ಎಲ್ಲರಿಗೂ ಪೇಟಾ. ಒಂದೇ ನಂಬರ್‌ನಲ್ಲಿ ಹೋಯ್ತು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಗದಗ, ಸ್ಟುಡಿಯೋದಲ್ಲಿ ರಿಟಚಿಂಗ್: ಅಣ್ಣಾರ, ಪೇಟಾಕ್ಕೆ ನೀವು ಹೇಳಿದ್ದು ಸರಿ. ಕುಂಕುಮಕ್ಕೆ ಆಗಲ್ಲ. ಕುಂಕುಮ ಇರೋದು ಎರಡು ಹುಬ್ಬಿನ ನಡುವೆ. ಅದು ಉಳಿಯೋವರೆಗೂ ಮೇಲಿನಿಂದ ಕತ್ತರಿಸ್ತಾ ಹೋದರೆ ಹುಬ್ಬೂ ಮೂಲ ಫೋಟೋದವರದ್ದೇ ಉಳಿಯುತ್ತೆ. ಕಣ್ಣು ಅವ್ವನದು, ಹುಬ್ಬು ಬೇರೆಯವರದು. ನಾನೂ ಕುಂಕುಮದ ವಿಷಯದಲ್ಲೇ ಒಂದು ಆರ್ಡರ್ ಕೆಡಿಸಿಕೊಂಡವನು.

ನನ್ನ ಕತೆ ಹೇಳ್ತೀನಿ, ಉದ್ದ ಆಗುತ್ತೆ. ಒಬ್ಬರ ತಂದೆಯ ಹದಿಮೂರನೇ ದಿನದ ಕಾರ್ಯಕ್ಕೆ 12×18 ಇಂಚಿನ ಫ್ರೇಮ್ ಬೇಕಿತ್ತು. ಜೊತೆಗೆ ಮೊದಲೇ ಹೋದ ತಾಯಿಯದೂ. ಮುಂಗಡ 500 ಇಸ್ಕೊಂಡೆ. ಮುಖ ಕೂರಿಸಿದೆ, ಕುಂಕುಮ ಮಸುಕಾಯ್ತು. ಫೋಟೋಶಾಪ್‌ನಲ್ಲಿ ಕುಂಕುಮ ವಾಪಸ್ ಇಟ್ಟೆ. ಆಮೇಲೆ ಮುಖ ಮಸುಕು ಅಂತ `GFPGAN` ಓಡಿಸಿದೆ. ಅಲ್ಲೇ ಕೆಟ್ಟಿದ್ದು. ಅದು ಕುಂಕುಮವನ್ನ ಚರ್ಮದ ಕಲೆ ಅಂದುಕೊಂಡು ನುಣ್ಣಗೆ ಒರೆಸಿ ಕಂದು ಚುಕ್ಕೆ ಮಾಡಿತು. ರಾತ್ರಿ ಎರಡು ಗಂಟೆ, ನಿದ್ದೆಗಣ್ಣಲ್ಲಿ ನೋಡಲಿಲ್ಲ, ಪ್ರಿಂಟ್‌ಗೆ ಕಳಿಸಿದೆ. ಪ್ರಿಂಟ್ ಲ್ಯಾಮಿನೇಷನ್ 650, ಫ್ರೇಮ್ 800. ಮಗಳು ನೋಡಿ "ನಮ್ಮವ್ವಗ ಹಣಿ ಮ್ಯಾಲ ಮಚ್ಚಿ ಇರ್ಲಿಲ್ಲರಿ" ಅಂದಳು. ಅವತ್ತೇ ಎರಡನೇ ಪ್ರಿಂಟ್, ಮತ್ತೆ 650. ಬಸ್ಸಲ್ಲಿ ಹುಬ್ಬಳ್ಳಿಗೆ ಹೋಗಿ ಬಂದ ಖರ್ಚು ಬೇರೆ. ಲಾಭ ಸೊನ್ನೆ.

ಆವತ್ತಿನಿಂದ ನನ್ನ ಕ್ರಮ ಬದಲಾಯ್ತು. ಮೊದಲು ಮುಖ, ಆಮೇಲೆ ಮುಖ ಚೂಪು ಮಾಡೋದು, ಕುಂಕುಮ ಕಟ್ಟಕಡೆಗೆ. `inswapper_128` ಮುಖವನ್ನ ಬರೀ 128 ಪಿಕ್ಸೆಲ್‌ನಲ್ಲಿ ಬರೆಯುತ್ತೆ, ದೊಡ್ಡ ಪ್ರಿಂಟ್‌ನಲ್ಲಿ ಚೂಪು ಮಾಡದೆ ನಡೆಯೋದೇ ಇಲ್ಲ. ಪಟಗದ ನೂಲು ಎಣಿಸೋ ಹಾಗೆ ಕಾಣುತ್ತೆ, ಮುಖ ಮಂಜು. ಹಾಗಾಗಿ ಚೂಪು ಮಾಡೋದು ಬಿಡೋಕಾಗಲ್ಲ, ಕುಂಕುಮ ಅದರ ಆಚೆಗೇ ಬರಬೇಕು.

ಕುಂಕುಮ ಹೊಸದಾಗಿ ಬರೀಬೇಡಿ. ಮುಖ ಕೂರಿಸಿದ್ದು ಮೂಲ ಫೋಟೋದ ಕಣ್ಣು ಮೂಗಿನ ಜಾಗ ಹಿಡಿದೇ ಅಲ್ವಾ, ಅಳತೆಯೂ ಒಂದೇ. ಮೂಲ ಫೋಟೋವನ್ನ ಮೇಲಿನ ಲೇಯರ್‌ನಲ್ಲಿ ಇಡಿ, ಕಪ್ಪು ಮಾಸ್ಕ್ ಹಾಕಿ, ಕುಂಕುಮದ ಜಾಗದಲ್ಲಷ್ಟೇ ಬಿಳಿ ಬ್ರಷ್ ಆಡಿಸಿ. ತಂತಾನೇ ಸರಿಯಾದ ಜಾಗದಲ್ಲಿ ಕೂರುತ್ತೆ. ಕೆಂಪಿನ ಹೊರಗೆ ಒಂದು ಕೂದಲಷ್ಟೂ ಚರ್ಮ ಬರಬಾರದು. ಬಂದರೆ ಮೂಲ ಫೋಟೋದವರ ಮೈಬಣ್ಣ ಉಂಗುರ ಥರ ಕಾಣುತ್ತೆ. ಕೈ ನಡುಗಿದರೆ ಕಲರ್ ರೇಂಜ್‌ನಲ್ಲಿ ಕೆಂಪನ್ನ ಆರಿಸಿಕೊಳ್ಳಿ.

ಧಾರವಾಡ, ಮನೆಯಲ್ಲೇ ಕೆಲಸ: ಅಷ್ಟೆಲ್ಲಾ ಯಾಕೆ ಅಣ್ಣಾ? ನಾನು ಒಂದು ಕೆಂಪು ಗುಂಡು ಎಳೆದು ಇಟ್ಟುಬಿಡ್ತೀನಿ. ಎರಡು ನಿಮಿಷ.

ಗದಗ, ರಿಟಚಿಂಗ್: ಅದಕ್ಕೇ ನಿಮ್ಮ ಫೋಟೋದಲ್ಲಿ ಎಲ್ಲಾ ಅಮ್ಮಂದಿರಿಗೂ ಟಿಕಳಿ ಹಚ್ಚಿದ ಹಾಗಿರುತ್ತೆ. ಟಿಕಳಿಗೆ ಅಂಚು ಚೂಪು. ಕುಂಕುಮ ಪುಡಿ, ಅಂಚು ಉದುರಿದ ಹಾಗಿರುತ್ತೆ.

ಧಾರವಾಡ, ಮನೆಯಲ್ಲೇ ಕೆಲಸ: ಗಿರಾಕಿ ದುಡ್ಡು ಕೊಟ್ಟಿದ್ದಾರೆ, ಯಾರೂ ವಾಪಸ್ ತಂದಿಲ್ಲ. ಎರಡು ಸಲ ಪ್ರಿಂಟ್ ಹಾಕಿದವರು ನೀವು, ನಾನಲ್ಲ.

ಲಕ್ಷ್ಮೇಶ್ವರ, ನಿವೃತ್ತ ಫೋಟೋಗ್ರಾಫರ್: ಜಗಳ ಬಿಡ್ರಪ್ಪಾ. ನಾನು ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಕೆಲಸ ಕಲಿತವನು. ಪಟಗದ ಕೆಳಗಿನ ಬಿಳಿ ಪಟ್ಟಿ ಅಂದಿರಲ್ಲ, ಅದು ಅಂಚಿನ ತಪ್ಪಲ್ಲ, ನೆರಳಿನದು. ಪಟಗ ಹಣೆ ಮೇಲೆ ನೆರಳು ಬೀಳಿಸುತ್ತೆ. ನಿಮ್ಮ ತಂದೆಯ ಫೋಟೋ ಬರಿದಲೆಯದು, ಬಹುಶಃ ಫ್ಲ್ಯಾಶ್‌ನಲ್ಲಿ ತೆಗೆದದ್ದು. ಯಂತ್ರ ಹಣೆ ಬೆಳಗಿಸಿಬಿಟ್ಟಿದೆ. ಅಂಚನ್ನ ಎಷ್ಟು ಮಸುಕು ಮಾಡಿದರೂ ಹೋಗಲ್ಲ. ಮಲ್ಟಿಪ್ಲೈ ಲೇಯರ್‌ನಲ್ಲಿ ಕಂದು ಬಣ್ಣ, ಮೆತ್ತನೆ ಬ್ರಷ್, ಅಂಚಿಗೆ ಒತ್ತಾಗಿ, ಕೆಳಗೆ ಹೋಗ್ತಾ ತೆಳುವಾಗಿ. ಯಾವ ಕಡೆ ದಟ್ಟ ಅನ್ನೋದನ್ನ ಮೂಗಿನ ನೆರಳು ನೋಡಿ ತಿಳಿದುಕೊಳ್ಳಿ.

ಹುಬ್ಬಳ್ಳಿ, ಆಲ್ಬಮ್: ಹಾಗಾದ್ರೆ ನನ್ನ ಹನ್ನೊಂದು ಮಂದಿಗೆ ಯಾಕೆ ಬರಲಿಲ್ಲ?

ಲಕ್ಷ್ಮೇಶ್ವರ: ಅದೇ ಮಂಟಪ, ಅದೇ ದೀಪ, ಅದೇ ಪೇಟಾ ಸುತ್ತಿದ ಮುಖ. ಇವರದ್ದು ಬೇರೆ ಬೇರೆ ಕಾಲದ ಫೋಟೋ.

ನರಗುಂದ, ಗೃಹಿಣಿ: ನನ್ನ ತಮ್ಮನ ಮದುವೆ ಫೋಟೋದ ಸಂಕಟ ಯಾರಿಗೆ ಹೇಳಲಿ. ಅವನಿಗೆ ಕಟ್ಟಿದ ಬಾಸಿಂಗದ ಮುತ್ತಿನ ಎಳೆ ಹಣೆ ಮೇಲೆ ಇಳಿದಿತ್ತು. ಆಲ್ಬಮ್‌ನವರು ಮುಖ ಚೆಂದ ಮಾಡ್ತೀವಿ ಅಂತ ಬದಲಿಸಿ ಎಳೆಗಳೆಲ್ಲಾ ಅರ್ಧಕ್ಕೆ ತುಂಡು. ನಮ್ಮತ್ತೆ ಆ ಹಾಳೆ ತೆರೆಯೋಕೂ ಬಿಡಲ್ಲ. ಮೊದಲು ನಮ್ಮನ್ನ ಒಂದು ಮಾತು ಕೇಳಬೇಕಿತ್ತು. ಬದುಕಿರೋವರ ಮುಖ ಹೇಳದೆ ಮುಟ್ಟೋದು ಯಾವ ನ್ಯಾಯ ರೀ?

ಗದಗ, ರಿಟಚಿಂಗ್: ಅಕ್ಕಾರ ಹೇಳಿದ್ದು ನ್ಯಾಯ. ಬಾಸಿಂಗದ ಎಳೆಯನ್ನೂ ಮೂಲ ಲೇಯರ್‌ನಿಂದಲೇ ತರಬೇಕು. `--face-mask-types box occlusion` ಕೊಟ್ಟರೆ ಮುಖದ ಮೇಲೆ ಅಡ್ಡ ಬಂದದ್ದನ್ನ ಬಿಡೋಕೆ ನೋಡುತ್ತೆ. ಕೈ, ದಪ್ಪ ಸೆರಗು ಇದ್ದರೆ ಪರವಾಗಿಲ್ಲ. ಮುತ್ತಿನ ಎಳೆ, ತೆಳು ಸೆರಗು ಬಂದರೆ ಚರ್ಮ ಯಾವುದು ಬಟ್ಟೆ ಯಾವುದು ಅಂತ ಗೊತ್ತಾಗದೆ ಅಂಚು ಹಲ್ಲು ಹಲ್ಲಾಗಿ ಬರುತ್ತೆ. ಇಳಕಲ್ ಸೀರೆಯ ಸೆರಗು ಕೆಂಪು, ಮುಖದ ಪಕ್ಕ ಬೇರೆಯಾಗೇ ಕಾಣುತ್ತೆ, ಅದು ಸುಲಭ. ಕೆನೆಬಣ್ಣದ ಸೆರಗು ನನಗೆ ಈಗಲೂ ತಲೆನೋವೇ.

ರಾಣೆಬೆನ್ನೂರು, ಡಿಟಿಪಿ: ವಿಭೂತಿಗೆ ಏನು ಮಾಡ್ತೀರಿ? ಮೂಲ ಲೇಯರ್‌ನಿಂದ ತಂದರೆ ಬೂದಿಯ ನಡುವೆ ಅವರ ಚರ್ಮವೂ ಬರ್ತಾ ಇದೆ.

ಲಕ್ಷ್ಮೇಶ್ವರ: ಬರದೆ ಇನ್ನೇನು. ವಿಭೂತಿ ಕುಂಕುಮದ ಹಾಗೆ ಮುಚ್ಚಲ್ಲ, ಕೆಳಗಿನ ಚರ್ಮ ತೋರಿಸುತ್ತೆ. ಅದನ್ನ ಮಾತ್ರ ಕೈಯಲ್ಲೇ ಎಳೀಬೇಕು. ತರಿ ಇರೋ ಬ್ರಷ್, ಮೂವತ್ತು ನಲವತ್ತು ಪರ್ಸೆಂಟ್ ಬಿಳಿ, ಹಣೆಯ ಉಬ್ಬಿಗೆ ತಕ್ಕ ಹಾಗೆ ಗೆರೆ ಬಾಗಿಸಿ. ನೇರ ಎಳೆದರೆ ಅಂಟಿಸಿದ ಹಾಗಿರುತ್ತೆ.

ಕೇಳಿದವರು, ಹಾವೇರಿ: ನೆರಳಿನ ವಿಷಯ ಹೊಳೆದೇ ಇರಲಿಲ್ಲ, ಉಪಕಾರ ಆಯ್ತು ರೀ. ಹಾಕಿ ನೋಡಿದೆ, ಪಟ್ಟಿ ಹೋಯ್ತು. ಕುಂಕುಮವೂ ಬಂತು. ಸೆರಗು ಮಾತ್ರ ತೆಳು, ಇನ್ನೂ ಹಲ್ಲು ಹಲ್ಲು. ಇನ್ನೊಂದು: ಅವ್ವನ ಮುಖ ಬಲಕ್ಕೆ ತಿರುಗಿತ್ತು ಅಂತ ಮೂಲ ಫೋಟೋವನ್ನೇ ಫ್ಲಿಪ್ ಮಾಡಿದ್ದೆ.

ನರಗುಂದ, ಗೃಹಿಣಿ: ಅಯ್ಯೋ, ಹಾಗಾದ್ರೆ ಸೆರಗು ಬಲ ಹೆಗಲಿಗೆ ಹೋಗಿರುತ್ತೆ! ಮೂಗುತಿ ನೋಡಿದ್ರಾ, ಯಾವ ಕಡೆ ಇದೆ?

ಕೇಳಿದವರು, ಹಾವೇರಿ: ಮೂಗುತಿ ಇಲ್ಲವೇ ಇಲ್ಲ. ಮುಖದ ಜೊತೆ ಅದೂ ಹೋಗಿದೆ. ಈಗ ನೋಡಿದೆ.

ಧಾರವಾಡ, ಮನೆಯಲ್ಲೇ ಕೆಲಸ: ನನ್ನ ಕೆಂಪು ಗುಂಡಿಗೆ ನಕ್ಕವರು ಈಗ ಮೂಗುತಿ ಎಲ್ಲಿಂದ ತರ್ತೀರಿ ಹೇಳಿ.

ಗದಗ, ರಿಟಚಿಂಗ್: ಅದೇ ಮೂಲ ಲೇಯರ್‌ನಿಂದ. ಆದ್ರೆ ಫ್ಲಿಪ್ ಮಾಡಿದ ಫೋಟೋ ಬಿಟ್ಟು ಮೊದಲಿನಿಂದ ಮಾಡಿ. ಅವ್ವನ ಫೋಟೋವನ್ನ ಫ್ಲಿಪ್ ಮಾಡೋದೂ ಬೇಡ, ಮನೆಯವರು ಕೂಡಲೇ ಗುರುತು ಹಿಡೀತಾರೆ. ಎಡಕ್ಕೆ ತಿರುಗಿದ ಇಲ್ಲ ನೇರ ನೋಡೋ ಬೇರೆ ಫೋಟೋ ಇದ್ದರೆ ಹುಡುಕಿ. ಮತದಾರರ ಗುರುತಿನ ಚೀಟಿದಾದ್ರೂ ಪರವಾಗಿಲ್ಲ.